ಭಾನುವಾರದ ರಿವಿಷನ್: ಅಯಾನೀಕರಣ ಶಕ್ತಿಯ ಟಿಪ್ಪಣಿ

ಎಲ್ಲರಿಗೂ ನಮಸ್ಕಾರ. ಪ್ರಥಮ ಪಿಯುಸಿ ಗುಂಪಿನವರು ಭಾನುವಾರ ಬೆಳಿಗ್ಗೆ 10ಕ್ಕೆ ಆವರ್ತಕ ಪ್ರವೃತ್ತಿಗಳ ಒಂದು ಪುಟದ ಟಿಪ್ಪಣಿ ತರಬೇಕು. ಅಯಾನೀಕರಣ ಶಕ್ತಿಯಿಂದಲೇ ಶುರು ಮಾಡಿ, ಅಂಕ ಹೋಗುವುದು ಅಲ್ಲೇ.

ನಿಯಮವನ್ನು ಕಾರಣದ ಜೊತೆಗೇ ಬರೆಯಿರಿ: ಆವರ್ತದಲ್ಲಿ ಎಡದಿಂದ ಬಲಕ್ಕೆ ನ್ಯೂಕ್ಲಿಯಸ್ಸಿನ ಆವೇಶ ಹೆಚ್ಚುತ್ತದೆ, ಹೊರ ಕವಚ ಮಾತ್ರ ಅದೇ. ಎಳೆತ ಬಿಗಿಯಾಗುವುದರಿಂದ ಎಲೆಕ್ಟ್ರಾನ್ ಕೀಳಲು ಹೆಚ್ಚು ಶಕ್ತಿ ಬೇಕು.

ಎರಡನೇ ಆವರ್ತದಲ್ಲಿ ಇದು ಎರಡು ಕಡೆ ತಪ್ಪುತ್ತದೆ. Be 899, B 801 kJ/mol: ಬೋರಾನ್‌ನ ಎಲೆಕ್ಟ್ರಾನ್ ಹೊರಡುವುದು 2p ಇಂದ, ಅದು 2s ಗಿಂತ ಮೇಲಿನ ಮಟ್ಟ, ಸುಲಭವಾಗಿ ಬಿಡುತ್ತದೆ. N 1402, O 1314: ಆಕ್ಸಿಜನ್‌ನ ಒಂದು 2p ಕಕ್ಷಕದಲ್ಲಿ ಇಬ್ಬರು ಜೋಡಿಯಾಗಿದ್ದಾರೆ, ಪರಸ್ಪರ ವಿಕರ್ಷಣೆಯಿಂದ ಒಂದು ಬೇಗ ಹೊರಬೀಳುತ್ತದೆ. "ಅರ್ಧ ತುಂಬಿದ್ದು ಸ್ಥಿರ" ಎಂದಷ್ಟೇ ಬರೆದು ನಿಲ್ಲಿಸಬೇಡಿ, ಈ ವಿಕರ್ಷಣೆಯನ್ನೂ ಹೇಳಿ.

ಎರಡನೇ ಅಯಾನೀಕರಣ ಕೇಳಿದಾಗ ಹಲವರು ಇದೇ ಅಪವಾದವನ್ನು ಹಾಗೇ ಇಳಿಸುತ್ತಾರೆ. ಅಲ್ಲಿ ಅದು ಒಂದು ಮನೆ ಬಲಕ್ಕೆ ಸರಿದಿರುತ್ತದೆ. ಮೊದಲು ಒಂದು ಎಲೆಕ್ಟ್ರಾನ್ ತೆಗೆದು ವಿನ್ಯಾಸ ಬರೆಯಿರಿ: B⁺ ಎಂದರೆ 2s², C⁺ ಎಂದರೆ 2s² 2p¹. ಹಾಗಾಗಿ ಇಲ್ಲಿ ಬೋರಾನ್‌ನದೇ ಹೆಚ್ಚು (2427), ಕಾರ್ಬನ್‌ನದು ಕಡಿಮೆ (2353).

ಇದೇ ದಾರಿಯಲ್ಲಿ O ಮತ್ತು F ಹೋಲಿಸಿ, ಯಾರದ್ದು ಹೆಚ್ಚು, ಏಕೆ ಎಂದು ಶನಿವಾರ ರಾತ್ರಿ 8ರೊಳಗೆ ಇಲ್ಲೇ ಎರಡು ಸಾಲಲ್ಲಿ ಹಾಕಿ. ಭಾನುವಾರ ಬರಲಾಗದವರೂ ತಿಳಿಸಿಬಿಡಿ.