ಈ ಆಷಾಢದಿಂದ ಇಡೀ ಅಂಗಡಿಗೆ ರಿಯಾಯಿತಿ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಆಷಾಢ ಬಂತೆಂದರೆ ಮೈಸೂರಿನ ಪೇಟೆಯಲ್ಲಿ ರಿಯಾಯಿತಿಯ ಬೋರ್ಡುಗಳು ಏಳುತ್ತವೆ. ಮದುವೆಗಳು ನಿಂತಿರುತ್ತವೆ, ಬೇಸಿಗೆ ಕಳೆದಿರುತ್ತದೆ, ದಸರೆಯ ಸರಕಿಗೆ ಜಾಗವೂ ಬೇಕು, ಹಣವೂ ಬೇಕು. ನಾವೂ ಇದುವರೆಗೆ ಅಂಗಡಿಯ ಎಲ್ಲ ಪಾದರಕ್ಷೆಗಳಿಗೂ ಶೇ. 30 ಕಡಿತ ಎಂದು ಬರೆಸುತ್ತಿದ್ದೆವು. ಈ ವರ್ಷ ಆ ಬೋರ್ಡು ಇರುವುದಿಲ್ಲ. ಮಹಡಿಗೆ ಹತ್ತುವ ಮೆಟ್ಟಿಲ ಬಳಿ ಈ ಬರಹ ಮಾತ್ರ ಇರುತ್ತದೆ:

"ಬೇಸಿಗೆ ಮತ್ತು ಮದುವೆ ಕಾಲದಲ್ಲಿ ಉಳಿದ ಜೋಡಿಗಳು. ಮಹಡಿಯಲ್ಲಿ, ಹಳದಿ ಚೀಟಿ ಅಂಟಿಸಿದ ಡಬ್ಬಿಗಳಿಗೆ ಮಾತ್ರ. ಹೆಂಗಸರಿಗೆ ಹೆಚ್ಚಾಗಿ 4 ಮತ್ತು 8, ಗಂಡಸರಿಗೆ 6 ಮತ್ತು 10ನೇ ಸೈಜು. ಬೆಲೆ ಚೀಟಿಯಲ್ಲೇ ಇದೆ. ಮೊದಲ ದಿನದ ಬೆಲೆಯೇ ಕೊನೆಯ ದಿನಕ್ಕೂ. ಆಷಾಢದ ಮೊದಲ ಶುಕ್ರವಾರದಿಂದ ಹತ್ತು ದಿನ. ಕೆಳಗೆ ಮಳೆಗಾಲದ, ಶಾಲೆಯ ಮತ್ತು ಹೊಸ ಸರಕು ಎಂದಿನ ಬೆಲೆಗೆ."

ಬೋರ್ಡು ಬರೆಯುವವರಿಗೆ ಇದು ಹಿಡಿಸಲಿಲ್ಲ. "ಸೇಲ್ ಬೋರ್ಡಿನಲ್ಲಿ ಇಷ್ಟೊಂದು ಓದಲು ಯಾರಿಗೆ ಪುರುಸೊತ್ತು ಸ್ವಾಮಿ? ಶೇ. 50 ಎಂದು ದೊಡ್ಡದಾಗಿ ಹಾಕಿ, ಕೆಳಗೆ ‘ವರೆಗೆ’ ಎಂದು ಸಣ್ಣದಾಗಿ ಹಾಕಿಬಿಡಿ" ಎಂದರು. ಆ ಸಣ್ಣ ‘ವರೆಗೆ’ಯನ್ನು ನಂಬಿಕೊಂಡು ನಂಜನಗೂಡಿನಿಂದ ಬಸ್ ಹತ್ತಿ ಬಂದವರಿಗೆ ಕೌಂಟರಿನಲ್ಲಿ ಉತ್ತರ ಕೊಡಬೇಕಾದವರು ನಾವು. ಹಾಗಾಗಿ ಉದ್ದವಾದರೂ ಇರಲಿ ಎಂದೆವು.

ಬದಲಾವಣೆಯ ಕಾರಣವನ್ನು ಒಂದು ಚಪ್ಪಲಿಯ ಲೆಕ್ಕದಲ್ಲೇ ಹೇಳುತ್ತೇವೆ. ಪಾದರಕ್ಷೆಯನ್ನು ನಾವು ಬಿಡಿ ಜೋಡಿಯಾಗಿ ಕೊಳ್ಳಲು ಬರುವುದಿಲ್ಲ, ಸೆಟ್ಟಿನಲ್ಲಿ ಕೊಳ್ಳಬೇಕು. ಹೆಂಗಸರ ಮದುವೆ ಚಪ್ಪಲಿಯ ಒಂದು ಸೆಟ್ಟಿನಲ್ಲಿ ಎಂಟು ಜೋಡಿ ಎಂದುಕೊಳ್ಳಿ: 4ನೇ ಸೈಜು ಒಂದು, 5, 6 ಮತ್ತು 7 ಎರಡೆರಡು, 8 ಒಂದು. ಐದು ಸೆಟ್ಟು ತರಿಸಿದರೆ ನಲವತ್ತು ಜೋಡಿ. ಕಾಲ ಮುಗಿಯುವ ಹೊತ್ತಿಗೆ ಮೂವತ್ತೆರಡು ಹೋಗಿ ಎಂಟು ಉಳಿಯುತ್ತವೆ. ಯಾವ ಎಂಟು? 4ನೇ ಸೈಜು ನಾಲ್ಕು, 8ನೇ ಸೈಜು ಮೂರು, ದಾರಿ ತಪ್ಪಿದಂತೆ 6ನೇದು ಒಂದು. ನಡುವಿನ ಸೈಜುಗಳು ಮೊದಲು ಖಾಲಿಯಾಗುವುದು ಎಲ್ಲ ಅಂಗಡಿಗಳಲ್ಲೂ ಹೀಗೆಯೇ. ಇದನ್ನೇ ನಮ್ಮ ವ್ಯಾಪಾರದಲ್ಲಿ ಕಟ್ ಸೈಜು ಎನ್ನುವುದು. ಖಾಲಿಯಾದ ಸೈಜನ್ನು ಮತ್ತೆ ತುಂಬಿಸೋಣವೆಂದರೆ ಇನ್ನೊಂದು ಪೂರ್ತಿ ಸೆಟ್ಟು ತರಿಸಬೇಕು. ಅದರೊಂದಿಗೆ ಮತ್ತೊಂದು 4, ಮತ್ತೊಂದು 8 ಬಂದು ಕೂರುತ್ತವೆ.

ಆ ಚಪ್ಪಲಿಯ ಬೆಲೆ 1,200 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ. 5 ಜಿಎಸ್‌ಟಿ ಸೇರಿದೆ. ತೆರಿಗೆ ತೆಗೆದರೆ ನಮ್ಮ ಕೈಗೆ ಸುಮಾರು 1,143. ತೆರಿಗೆ ಬಿಟ್ಟು ನಾವು ಕೊಂಡ ಬೆಲೆ 760 ಆದರೆ ಉಳಿಯುವುದು 383. ಬಾಡಿಗೆ, ಸಂಬಳ, ಕರೆಂಟು ಎಲ್ಲವೂ ಇದರಿಂದಲೇ ನಡೆಯಬೇಕು. ಅದೇ ಜೋಡಿಯನ್ನು ಶೇ. 30 ಕಡಿಮೆ ಮಾಡಿ 840ಕ್ಕೆ ಕೊಟ್ಟರೆ ತೆರಿಗೆ ಕಳೆದು 800. ಉಳಿಯುವುದು 40 ರೂಪಾಯಿ. ಪೂರ್ತಿ ಬೆಲೆಗೆ ಹೋದ ಒಂದು ಜೋಡಿ ಕೊಡುವುದನ್ನು ರಿಯಾಯಿತಿಯಲ್ಲಿ ಗಳಿಸಬೇಕಾದರೆ ಒಂಬತ್ತೋ ಹತ್ತೋ ಜೋಡಿ ಮಾರಬೇಕು.

ಹಾಗಾದರೆ ರಿಯಾಯಿತಿ ಕೊಡುವುದೇಕೆ? ಉಳಿದ ಎಂಟು ಜೋಡಿಯಿಂದ ಬರುವ ಲಾಭ 320 ರೂಪಾಯಿ; ಅದಕ್ಕಾಗಿ ಅಲ್ಲ. ಅವುಗಳಲ್ಲಿ ಸಿಕ್ಕಿಕೊಂಡಿರುವ ಹಣ 6,400 ರೂಪಾಯಿಯಾಗಿ ಈಚೆ ಬರುತ್ತದೆ, ದಸರೆಗೆ ಹೊಸ ಸೆಟ್ಟಾಗುತ್ತದೆ. ಉಳಿಕೆ ಮಾರಾಟದ ಉದ್ದೇಶ ಅಷ್ಟೇ. ಆದರೆ ಇಡೀ ಅಂಗಡಿಗೆ ಶೇ. 30 ಎಂದು ಪ್ರತಿ ವರ್ಷವೂ ಹಾಕಿದರೆ, ಮೇ ತಿಂಗಳಲ್ಲಿ ಬಂದ ಗ್ರಾಹಕರು ಚಪ್ಪಲಿ ಹಾಕಿ ನೋಡಿ, ನಡೆದು ನೋಡಿ, "ಆಷಾಢದಲ್ಲಿ ಬರುತ್ತೇವೆ" ಎಂದು ಹೋಗುತ್ತಾರೆ. ಅವರನ್ನು ದೂರುವಂತಿಲ್ಲ, ನಾವಾದರೂ ಹಾಗೆಯೇ ಮಾಡುತ್ತಿದ್ದೆವು. ಆ ಮೂವತ್ತೆರಡು ಮಂದಿಯಲ್ಲಿ ಹತ್ತು ಮಂದಿ ಹೀಗೆ ಕಾದರೂ 3,430 ರೂಪಾಯಿ ಹೋಗುತ್ತದೆ, 320ಕ್ಕಾಗಿ 3,430. ಇನ್ನೊಂದು ಕಡೆ, ಕಾಯದೆ ಪೂರ್ತಿ ಬೆಲೆ ಕೊಟ್ಟವರು ಅದೇ ಚಪ್ಪಲಿ 840ಕ್ಕೆ ತೂಗಾಡುವುದನ್ನು ನೋಡಿ ಮುಖ ಸಿಂಡರಿಸುತ್ತಾರೆ. ಅಂಗಡಿ ನಡೆಯುತ್ತಿರುವುದು ಆ ಗ್ರಾಹಕರಿಂದ. ಅವರಿಗೆ ಸಲ್ಲಬೇಕಾದ ಮರ್ಯಾದೆಯೇ ಈ ಹೊಸ ವ್ಯವಸ್ಥೆಗೆ ಮುಖ್ಯ ಕಾರಣ.

ಇನ್ನು ಬೋರ್ಡಿನ ಒಂದೊಂದು ಮಾತಿನ ಅರ್ಥ. ಮಹಡಿಯಲ್ಲಿ ಮಾತ್ರ ಎಂದರೆ ಕೆಳಗಿನ ಅಂಗಡಿಯಲ್ಲಿ ಒಂದು ಹಳದಿ ಚೀಟಿಯೂ ಇರುವುದಿಲ್ಲ. ಒಂದೇ ಬೆಂಚಿನಲ್ಲಿ 1,200ರ ಚಪ್ಪಲಿ ಹಾಕಿ ನೋಡುತ್ತಿರುವವರ ಪಕ್ಕದಲ್ಲಿ 840ರ ರಾಶಿ ಇದ್ದರೆ 1,200 ಎನ್ನುವುದು ಬೆಲೆಯಂತೆ ಕಾಣುವುದಿಲ್ಲ, ದಂಡದಂತೆ ಕಾಣುತ್ತದೆ. ಮೆಟ್ಟಿಲು ಹತ್ತಲಾಗದವರು ಕೆಳಗೆ ಕುಳಿತು ಸೈಜು ಹೇಳಿದರೆ ಸಾಕು, ಆ ಸೈಜಿನಲ್ಲಿರುವ ಎಲ್ಲ ಜೋಡಿಗಳನ್ನೂ ಹುಡುಗರು ಕೆಳಗೆ ತಂದು ತೋರಿಸುತ್ತಾರೆ.

ಸೈಜನ್ನು ಬೋರ್ಡಿನಲ್ಲೇ ಬರೆದಿರುವುದು ನಿಮ್ಮ ಕಾಲಿಗೆ ಬೇಡದ ತಿರುಗಾಟ ಉಳಿಸಲು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಆಮಿಷದ ಜಾಹೀರಾತಿನ ಬಗ್ಗೆ ನಿಯಮವಿದೆ: ಸರಕು ಸೀಮಿತವಾಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ನಿಯಮ ಇಲ್ಲದಿದ್ದರೂ ಇದನ್ನು ಬರೆಯುವುದೇ ನಮಗೆ ಲಾಭ. 6ನೇ ಸೈಜಿನವರು ಬಂದು ಬರಿಗೈಯಲ್ಲಿ ಹೋದರೆ ಮುಂದಿನ ಸಲ ಪೂರ್ತಿ ಬೆಲೆಗೂ ಬರುವುದಿಲ್ಲ.

ಮೊದಲ ದಿನದ ಬೆಲೆಯೇ ಕೊನೆಯ ದಿನಕ್ಕೂ ಎಂದಿದ್ದೇವೆ. ದಿನ ಕಳೆದಂತೆ ಬೆಲೆ ಇಳಿಸುತ್ತಾ ಹೋಗುವ ಪದ್ಧತಿ ಉಂಟು. ಅದು ಗ್ರಾಹಕರಿಗೆ ಕಾಯುವುದನ್ನೇ ಕಲಿಸುತ್ತದೆ. ಹತ್ತನೆಯ ದಿನ ಭಾನುವಾರ. ರಾತ್ರಿ ಬಾಗಿಲು ಹಾಕುವಾಗ ಹಳದಿ ಚೀಟಿ ಮುಗಿಯಿತು. ಉಳಿದದ್ದನ್ನು ಒಟ್ಟಾಗಿ ಲಾಟು ಕೊಳ್ಳುವವರಿಗೆ ಕೊಡುತ್ತೇವೆ, ಮತ್ತೆ ಕೆಳಗಿನ ಶೆಲ್ಫಿಗೆ ತರುವುದಿಲ್ಲ. "ಗ್ರಾಹಕರ ಕೋರಿಕೆಯ ಮೇರೆಗೆ ವಿಸ್ತರಿಸಲಾಗಿದೆ" ಎಂಬ ಬ್ಯಾನರು ಕಟ್ಟುವುದೂ ಇಲ್ಲ. ಕೋರಿಕೆ ಸಲ್ಲಿಸಿದ ಆ ಗ್ರಾಹಕರನ್ನು ಈ ಊರಿನಲ್ಲಿ ಯಾರೂ ಇದುವರೆಗೆ ಕಂಡಂತಿಲ್ಲ.

ಚೀಟಿಯಲ್ಲಿ ಶೇಕಡಾ ಇಲ್ಲ, ರೂಪಾಯಿ ಮಾತ್ರ ಇದೆ. ಅದಕ್ಕೆ ತೆರಿಗೆಯ ಕಾರಣವೂ ಇದೆ. 2025ರ ಸೆಪ್ಟೆಂಬರ್ 22ರಿಂದ, ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಅದನ್ನು ಮೀರಿದರೆ ಶೇ. 18. ಲೆಕ್ಕಕ್ಕೆ ಬರುವುದು ಮಾರಾಟದ ಬೆಲೆ. ಗಂಡಸರ ಒಂದು ಚರ್ಮದ ಶೂ 3,000 ರೂಪಾಯಿ, ತೆರಿಗೆ 540, ಒಟ್ಟು 3,540. ಅದರ ಮೂಲ ಬೆಲೆಯಲ್ಲಿ ಶೇ. 20 ಕಡಿಮೆ ಮಾಡಿದರೆ 2,400; ಈಗ ಅದು 2,500ರ ಒಳಗೆ ಬಂದದ್ದರಿಂದ ತೆರಿಗೆ ಬರೀ 120, ನೀವು ಕೊಡುವುದು 2,520. ಒಟ್ಟು ಬೆಲೆ ಸುಮಾರು ಶೇ. 29 ಇಳಿಯಿತು, ಆದರೆ ನಾವು ಬಿಟ್ಟದ್ದು ಶೇ. 20 ಮಾತ್ರ. ಉಳಿದದ್ದು ತೆರಿಗೆಯ ದರ ಬದಲಾದ ಫಲ. ಶೇ. 29 ರಿಯಾಯಿತಿ ಎಂದು ನಮ್ಮ ಹೆಸರಿನಲ್ಲಿ ಬರೆದುಕೊಳ್ಳುವುದಕ್ಕಿಂತ 3,540 ಹೊಡೆದುಹಾಕಿ 2,520 ಎಂದು ಬರೆಯುವುದು ವಾಸಿ.

ಹಳದಿ ಚೀಟಿಯ ಕೆಳಗೆ ಹಳೆಯ ಸರಕನ್ನು ಸಾಗಹಾಕುತ್ತಾರೆಂಬ ಅನುಮಾನ ನ್ಯಾಯವಾದದ್ದೇ. ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಹಗುರ ಪ್ಲಾಸ್ಟಿಕ್ಕಿನ ಸೋಲ್ ಇರುವ ಶೂಗಳನ್ನು ಒಮ್ಮೆಯೂ ಹಾಕದಿದ್ದರೂ ಗಾಳಿಯ ತೇವಕ್ಕೆ ಸೋಲ್ ಒಳಗೊಳಗೇ ಸಡಿಲವಾಗುತ್ತದೆ. ಕೆಲವು ವರ್ಷ ಡಬ್ಬಿಯಲ್ಲಿ ಕುಳಿತ ಶೂ ನೋಡಲು ಹೊಸದು. ಹಾಕಿಕೊಂಡು ಮದುವೆಮನೆಗೆ ಹೋದರೆ ಸೋಲ್ ಪುಡಿಪುಡಿಯಾಗಿ ಛತ್ರದ ನೆಲದ ಮೇಲೆ ಉಳಿಯುತ್ತದೆ. ತಯಾರಾದ ತಿಂಗಳು ಮತ್ತು ವರ್ಷ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ, ನೋಡಿ. ಸೋಲನ್ನು ಹೆಬ್ಬೆರಳ ಉಗುರಿನಿಂದ ಒತ್ತಿ: ಗುರುತು ಹಾಗೆಯೇ ನಿಂತರೆ, ಅಂಟು ಅಂಟಾಗಿದ್ದರೆ, ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ, ಎಷ್ಟೇ ಅಗ್ಗವಾದರೂ ಬೇಡ. ತಯಾರಾಗಿ ಎರಡು ವರ್ಷ ದಾಟಿದ ಪಿಯು ಸೋಲಿನ ಜೋಡಿಗಳನ್ನು ನಾವು ಮಹಡಿಗೆ ಏರಿಸಿಲ್ಲ. ಸೇಲ್‌ಗೆಂದೇ ದೊಡ್ಡ ಬೆಲೆ ಅಚ್ಚು ಹಾಕಿಸಿ ತರುವ ಅಗ್ಗದ ಸರಕನ್ನೂ ತಂದಿಲ್ಲ. ಮಹಡಿಯ ಪ್ರತಿ ಜೋಡಿಯೂ ಕೆಳಗಿನ ಶೆಲ್ಫಿನಲ್ಲಿ ಪೂರ್ತಿ ಬೆಲೆಗೆ ಇದ್ದದ್ದು.

ಬದಲಿ ಕೊಡುವ ವಿಚಾರ. ಎಂದಿನ ಬೆಲೆಯ ಸರಕಿಗೆ ಹದಿನೈದು ದಿನದೊಳಗೆ ಸೈಜು ಬದಲಾವಣೆ, ಆರು ತಿಂಗಳು ಉಚಿತ ಹೊಲಿಗೆ ಮತ್ತು ಅಂಟಿಸುವಿಕೆ ಮೊದಲಿನಂತೆಯೇ. ಹಳದಿ ಚೀಟಿಗೆ ಸೈಜು ಬದಲಾವಣೆ ಇಲ್ಲ, ಏಕೆಂದರೆ ಬದಲಿಗೆ ಕೊಡಲು ಇನ್ನೊಂದು ಜೋಡಿಯೇ ಇಲ್ಲ. ಆದರೆ ದೋಷವಿದ್ದರೆ ಮಾತು ಬೇರೆ. ಪಟ್ಟಿ ಕಿತ್ತರೆ, ಸೋಲ್ ಬಿಟ್ಟರೆ ಮೂವತ್ತು ದಿನದೊಳಗೆ ಬಿಲ್ಲಿನೊಂದಿಗೆ ತನ್ನಿ, ಹಣ ವಾಪಸ್. ರಿಯಾಯಿತಿಯಲ್ಲಿ ಕೊಂಡದ್ದೆಂಬ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ. ಯಾವ ಅಂಗಡಿಯ ಬಿಲ್ಲಿನಲ್ಲಿ ಏನು ಅಚ್ಚಾಗಿದ್ದರೂ ಸರಿ. ಪೇಟೆಯಲ್ಲಿ ನಡೆದು ಬಂದ ಸಂಜೆಯ ಹೊತ್ತಿನಲ್ಲಿ ಹಾಕಿ ನೋಡಿ, ಆಗ ಪಾದ ತುಸು ಊದಿಕೊಂಡಿರುತ್ತದೆ. ಎರಡು ಕಾಲಿಗೂ ಹಾಕಿ ನೋಡಿ.

ಕೊನೆಯದಾಗಿ, ಇತ್ತೀಚೆಗೆ ಪೂರ್ತಿ ಬೆಲೆ ಕೊಟ್ಟವರಿಗೆ. ಮೊದಲ ಶುಕ್ರವಾರಕ್ಕೆ ಹಿಂದಿನ ಹದಿನೈದು ದಿನಗಳಲ್ಲಿ ನೀವು ಕೊಂಡ ಅದೇ ಜೋಡಿ, ಅದೇ ಬಣ್ಣ ಮಹಡಿಗೆ ಹೋಗಿದ್ದರೆ, ಬಿಲ್ಲು ತನ್ನಿ. ವ್ಯತ್ಯಾಸದ ಹಣಕ್ಕೆ ಚೀಟಿ ಬರೆದುಕೊಡುತ್ತೇವೆ. ದಸರೆ ಮುಗಿಯುವವರೆಗೆ ಯಾವ ಸರಕಿಗಾದರೂ ಬಳಸಬಹುದು. ಬಿಲ್ಲು ಕಳೆದಿದ್ದರೆ ಅಂದು ಕೊಟ್ಟ ಮೊಬೈಲ್ ಸಂಖ್ಯೆ ಹೇಳಿದರೂ ಸಾಕು, ಹುಡುಕಿ ತೆಗೆಯುತ್ತೇವೆ. ಚೌಕಾಸಿ ಮಾತ್ರ ಮಹಡಿಯಲ್ಲೂ ಇಲ್ಲ, ಕೆಳಗೂ ಇಲ್ಲ. ಚಾಮುಂಡಿ ಬೆಟ್ಟಕ್ಕೆ ಹೋಗಿಬರುವವರಿಂದ ಶುಕ್ರವಾರಗಳಲ್ಲಿ ಅಂಗಡಿ ತುಂಬಿರುತ್ತದೆ. ನಿಧಾನವಾಗಿ ನೋಡಬೇಕೆನ್ನುವವರು ಸೋಮವಾರ ಅಥವಾ ಮಂಗಳವಾರ ಮಧ್ಯಾಹ್ನ ಬಂದರೆ ಬೆಂಚೂ ಸಿಗುತ್ತದೆ, ಹುಡುಗರೂ ಸಿಗುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು ಮತ್ತು ಸಿಬ್ಬಂದಿ
ಮೈಸೂರು