ಎಳ್ಳ ಅಮಾವಾಸ್ಯೆಯ ಬುತ್ತಿ ಪಟ್ಟಿ

ಗೆಳೆಯಾ,

ಈ ಸಲ ಎಳ್ಳ ಅಮಾವಾಸ್ಯೆಗೆ ಎಲ್ಲರೂ ನಮ್ಮ ಹೊಲದಲ್ಲೇ ಸೇರೋಣ, ಯಾರ ಮನೆಯಿಂದ ಏನು ಬುತ್ತಿ ಅನ್ನೋ ಪಟ್ಟಿ ನಾನೇ ಮಾಡುತ್ತೇನೆ ಅಂದೆಯಲ್ಲ, ಬಹಳ ಖುಷಿಯಾಯಿತು. ಹೋದ ವರ್ಷ ವಿಜಯಪುರದಲ್ಲಿ ಆ ಪಟ್ಟಿ ಬರೆದವನು ನಾನು. ಅದರಲ್ಲಿ ಆದ ತಪ್ಪು ನಿನಗೆ ಗೊತ್ತಿರಲಿ.

ನಮ್ಮ ಗುಂಪಿನಲ್ಲಿ ಶೇಂಗಾ ಆಗದ ಆರು ವರ್ಷದ ಹುಡುಗಿ ಇದ್ದಾಳೆ. ಪಟ್ಟಿಯಲ್ಲಿ ಒಬ್ಬರು ‘ಬದನೆಕಾಯಿ ಪಲ್ಯ’ ಅಂತ ಬರೆಸಿದ್ದರು. ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಕೊಡದಿದ್ದರೆ ಸಾಕು ಅಂತ ಅವಳ ತಾಯಿ ಅಂದುಕೊಂಡರು. ಬಂದದ್ದು ಎಣ್ಣೆಗಾಯಿ, ತುಂಬಿದ ಮಸಾಲೆಯಲ್ಲಿ ಶೇಂಗಾ ಪುಡಿ. ಎರಡು ತುತ್ತಿಗೆ ತುಟಿ ಊದಿತು, ದದ್ದು ಎದ್ದವು, ಕೆಮ್ಮು ಶುರುವಾಯಿತು. ತಕ್ಷಣ ಆಸ್ಪತ್ರೆಗೆ ಓಡಿದೆವು. ಹುಷಾರಾದಳು. ಆದರೆ ಆ ದಾರಿ ನನಗೆ ಇವತ್ತಿಗೂ ಮರೆತಿಲ್ಲ.

ನಮ್ಮ ಕಡೆ ಶೇಂಗಾ ಎಲ್ಲೆಲ್ಲಿ ಇರುತ್ತದೆ ಅಂತ ಹೆಸರು ನೋಡಿದರೆ ತಿಳಿಯುವುದಿಲ್ಲ. ಪಲ್ಯಕ್ಕೆ, ಕೋಸಂಬರಿಗೆ, ಚಿತ್ರಾನ್ನಕ್ಕೆ ಹಾಕುತ್ತೇವೆ. ಗಾಣದ ಶೇಂಗಾ ಎಣ್ಣೆಯಲ್ಲೂ ಅದರ ಅಂಶ ಉಳಿದಿರುತ್ತದೆ. ಕುಸುಬಿ ಎಣ್ಣೆಯನ್ನೂ ಅದೇ ಗಾಣದಲ್ಲಿ ತೆಗೆದಿದ್ದರೆ ನಂಬುವ ಹಾಗಿಲ್ಲ. ಅದಕ್ಕೇ ಅಡುಗೆಯ ಹೆಸರಿನ ಪಕ್ಕದಲ್ಲಿ ಮಸಾಲೆಗೆ ಏನು ಹಾಕಿದ್ದಾರೆ, ಯಾವ ಎಣ್ಣೆ, ಎಷ್ಟು ಮಂದಿಗೆ ಸಾಕು ಅಂತ ಬರೆಸು. ‘ಸಸ್ಯಾಹಾರ’ ಅಂತ ಬರೆದು ಬಿಡಬೇಡ. ತತ್ತಿ ಹಾಕಿದ ಕೇಕನ್ನು ಕೆಲವರು ಸಸ್ಯಾಹಾರ ಅಂತಲೇ ತರುತ್ತಾರೆ, ಹಿರಿಯರು ಮುಟ್ಟುವುದಿಲ್ಲ.

ಆ ಹುಡುಗಿಗೆ ಒಂದೇ ಮನೆಯವರು ಪೂರ್ತಿ ಅಡುಗೆ ಮಾಡಲಿ. ಅವಳಿಗೆ ಗುರೆಳ್ಳು ಆಗುತ್ತದಂತೆ, ತಾಯಿಯೇ ಹೇಳಿದರು. ಎಣ್ಣೆಗಾಯಿಗೆ ಶೇಂಗಾ ಬದಲು ಗುರೆಳ್ಳು, ಒಣ ಕೊಬ್ಬರಿ ಹಾಕಿದರೆ ರುಚಿ ಏನೂ ಕಮ್ಮಿ ಆಗುವುದಿಲ್ಲ. ಆದರೆ ಶೇಂಗಾ ಚಟ್ನಿ ಕುಟ್ಟಿದ ಒಳ್ಳು, ಮಿಕ್ಸರ್ ಜಾರು ಬೇಡ. ಅವಳ ಡಬ್ಬಿ, ಸೌಟು ಬೇರೆ ಇರಲಿ, ಎಲ್ಲರಿಗಿಂತ ಮೊದಲು ಅವಳಿಗೆ ಬಡಿಸಿ. ಚಟ್ನಿಯ ಸೌಟು ಪಲ್ಯಕ್ಕೆ ಇಳಿದರೆ ಪಟ್ಟಿ ಬರೆದದ್ದೂ ವ್ಯರ್ಥ.

ಇನ್ನು ಲೆಕ್ಕ. ನಾವು ದೊಡ್ಡವರು 18, ಮಕ್ಕಳು 6. ದೊಡ್ಡವರಿಗೆ ಮೂರು, ಮಕ್ಕಳಿಗೆ ಒಂದರಂತೆ 60 ರೊಟ್ಟಿ. ಮೂರು ಮನೆಗೆ ಇಪ್ಪತ್ತಿಪ್ಪತ್ತು ಹಂಚು. ಸಣ್ಣ ಬದನೆಕಾಯಿ ಆಳಿಗೆ ಎರಡರಂತೆ 48, ಎರಡು ಮನೆ ಸಾಕು. ರೊಟ್ಟಿ ಉಂಡ ಮೇಲೆ ಅನ್ನ ಜಾಸ್ತಿ ಹೋಗುವುದಿಲ್ಲ, ಸವ್ವಾ ಕಿಲೋ ಅಕ್ಕಿ ಸಾಕು. ‘ಸ್ವಲ್ಪ ತರುತ್ತೇನೆ’ ಅಂದವರಿಗೆ ಎಷ್ಟು ಅಂತ ಸಂಕೋಚ ಬಿಟ್ಟು ಕೇಳು. ಹೋದ ವರ್ಷ ನಾನು ಕೇಳಲಿಲ್ಲ. ಐದು ಡಬ್ಬಿ ಚಟ್ನಿ ಬಂತು, ಪುಂಡಿಪಲ್ಯ ಹತ್ತು ಜನಕ್ಕೂ ಸಾಲಲಿಲ್ಲ.

ವಾಟ್ಸ್‌ಆಪ್‌ನಲ್ಲಿ ಒಬ್ಬೊಬ್ಬರೇ ಪಟ್ಟಿ ನಕಲು ಮಾಡಿ ತಮ್ಮ ಹೆಸರು ಸೇರಿಸುವುದು ಬೇಡ. ಇಬ್ಬರು ಒಟ್ಟಿಗೆ ಹಾಕಿದರೆ ಒಬ್ಬರ ಸಾಲು ಬಿಟ್ಟುಹೋಗುತ್ತದೆ. ಎಲ್ಲರೂ ನಿನಗೆ ಹೇಳಲಿ, ನೀನೇ ಬರೆ. ಹಿಂದಿನ ರಾತ್ರಿ ಹುಡುಗಿಯ ತಾಯಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳು.

ನಮ್ಮ ಮನೆಯಿಂದ 20 ಸಜ್ಜೆ ರೊಟ್ಟಿ ಬರೆದುಕೋ. ಮೇಲೆ ಎಳ್ಳು ಹಚ್ಚಿರುತ್ತೇವೆ, ಅದನ್ನೂ ಬರೆ.

ನಿನ್ನ ಗೆಳೆಯ