ಅಪ್ಪನ ನುಡಿನಮನ: ಕಾರ್ಡಿನ ಶ್ಲೋಕ ಒಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬದಿಯಡ್ಕದ ಮನೆಯಲ್ಲಿ ಅಪ್ಪನ ಉತ್ತರಕ್ರಿಯೆ. ಊಟಕ್ಕೆ ಮೊದಲು ನಾನು ನುಡಿನಮನ ಓದುತ್ತೇನೆ. ಅದರಲ್ಲಿ ಬರುವ ಶ್ಲೋಕ:

ನ ಜಾಯತೇ ಮ್ರಿಯತೇ ವಾ ಕದಾಚಿತ್
ನಾಯಂ ಭೂತ್ವಾ ಭವಿತಾ ವಾ ನ ಭೂಯಃ |
ಅಜೋ ನಿತ್ಯಃ ಶಾಶ್ವತೋಽಯಂ ಪುರಾಣೋ
ನ ಹನ್ಯತೇ ಹನ್ಯಮಾನೇ ಶರೀರೇ ||

ಇದು ಭಗವದ್ಗೀತೆ, 2ನೇ ಅಧ್ಯಾಯ, 20ನೇ ಶ್ಲೋಕ. ಕಾರ್ಡಿನ ಕರಡಿನಲ್ಲಿ ಕಠೋಪನಿಷತ್ತು ಅಂತ ಬಿದ್ದಿದೆ. ಅಲ್ಲಿಯೂ (1.2.18) ಹೆಚ್ಚುಕಡಿಮೆ ಇದೇ ಮಾತು ಉಂಟು, ಆದರೆ ಮೊದಲ ಸಾಲು 'ವಿಪಶ್ಚಿತ್' ಎಂದು ಮುಗಿಯುತ್ತದೆ. ಅಪ್ಪ ಅಡಿಕೆ ಸುಲಿಯುತ್ತಾ ಹೇಳುತ್ತಿದ್ದದ್ದು 'ಕದಾಚಿತ್'. ಅಲ್ಲಿಗೆ ಬಂದಾಗ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು, ನೆನಪುಂಟಲ್ವಾ?

ಅಕ್ಕ, ಭಾವ, ಅಕ್ಷರ ತಪ್ಪಿದ್ದರೆ ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಶನಿವಾರ ಬೆಳಗ್ಗೆ ಕಾರ್ಡು ಅಚ್ಚಿಗೆ ಹೋಗುತ್ತದೆ.